ರಿಯಾಯಿತಿಯ ಹೆಸರಿನಲ್ಲಿ 71 ದಿನ ಕಡಿತ: ನವೀಕರಣ ಮೇಲ್ ಕುರಿತು ದೂರು

ದಿನಾಂಕ: 27 ಡಿಸೆಂಬರ್ 2025
ಕಲಬುರಗಿ

ಇವರಿಂದ:
ಮಾಲಕಿ, ದಾಲ್ ಮಿಲ್,
ಕಪನೂರ ಕೈಗಾರಿಕಾ ಪ್ರದೇಶ, ಕಲಬುರಗಿ

ಇವರಿಗೆ:
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
(ನಮ್ಮ ಬಿಲ್ಲಿಂಗ್ ತಂತ್ರಾಂಶದ ಕಂಪನಿ), ಬೆಂಗಳೂರು

ವಿಷಯ: ವರ್ಷಾಂತ್ಯದ ನವೀಕರಣ ಕೊಡುಗೆಯಲ್ಲಿನ ತಪ್ಪು ಲೆಕ್ಕ ಮತ್ತು ನಿಮ್ಮ ಪ್ರತಿನಿಧಿಯ ನಡವಳಿಕೆ.

ಮಾನ್ಯರೇ,

ಡಿಸೆಂಬರ್ 15ರಿಂದ ಈಚೆಗೆ ನಿಮ್ಮಿಂದ ನನಗೆ ನಾಲ್ಕು ಮೇಲ್ ಬಂದಿವೆ. ನಾಲ್ಕರಲ್ಲೂ ಇರುವುದು ಒಂದೇ ಮಾತು: ವಾರ್ಷಿಕ ದರ 24,000 ರೂಪಾಯಿ, ಶೇಕಡಾ 25 ರಿಯಾಯಿತಿ ಕಳೆದು 18,000, ಡಿಸೆಂಬರ್ 31ರ ಮಧ್ಯರಾತ್ರಿಯೊಳಗೆ ಕಟ್ಟಿದರೆ ನಿಮಗೆ 6,000 ಉಳಿತಾಯ. ಈ ಬಗ್ಗೆ ನಾನು ಮೂರು ಸಲ ಫೋನಿನಲ್ಲಿ ಸಮಾಧಾನದಿಂದಲೇ ಕೇಳಿದ್ದೇನೆ. ಉತ್ತರ ಸಿಗದ ಕಾರಣ ಈಗ ಬರೆದು ಕೇಳುತ್ತಿದ್ದೇನೆ.

ಕಳೆದ ಮಾರ್ಚ್ 12ರಂದು ನಾನು ಕಟ್ಟಿದ್ದು ಜಿಎಸ್‌ಟಿ ಬಿಟ್ಟು 18,000 ರೂಪಾಯಿಯೇ. ಅಕ್ಟೋಬರ್‌ನಲ್ಲಿ ನಿಮ್ಮ ವಿತರಕರು ನನ್ನ ಮೈದುನನ ಅಂಗಡಿಗೆ ಇದೇ ಯೋಜನೆಗೆ ಕೊಟ್ಟ ಕೊಟೇಶನ್ನಿನಲ್ಲೂ 18,000 ಎಂದೇ ಇದೆ. ಆ ಕಾಗದ ನನ್ನ ಬಳಿ ಇದೆ. ಎರಡು ತಿಂಗಳ ಹಿಂದೆ ಇಲ್ಲದ 24,000ದ ದರವನ್ನು ಮೊದಲು ಬರೆದು, ಅದರಲ್ಲಿ ಕಾಲು ಭಾಗ ಕಳೆದು, ಹಳೆಯ ದರವನ್ನೇ ಉಳಿತಾಯವೆಂದು ನನ್ನ ಮುಂದಿಟ್ಟಿದ್ದೀರಿ. ಇಷ್ಟೇ ಆಗಿದ್ದರೆ ನಾನು ಸುಮ್ಮನೆ ಕಟ್ಟಿಬಿಡುತ್ತಿದ್ದೆ, ಏಕೆಂದರೆ ದರ ಏರದಿದ್ದರೆ ನನಗೆ ನಷ್ಟವಿಲ್ಲ.

ನಷ್ಟ ಇರುವುದು ದಿನಗಳ ಲೆಕ್ಕದಲ್ಲಿ. ನನ್ನ ಈಗಿನ ಅವಧಿ 2026ರ ಮಾರ್ಚ್ 11ರವರೆಗೆ ಇದೆ. ನಿಮ್ಮ ಒಪ್ಪಂದದ 7ನೇ ಕಲಮಿನ ಪ್ರಕಾರ, ಅವಧಿ ಮುಗಿಯುವ ಮೊದಲೇ ನವೀಕರಿಸಿದರೆ ಹೊಸ ವರ್ಷವು ಹಳೆಯ ಅವಧಿಯ ಕೊನೆಯ ದಿನದ ನಂತರ ಶುರುವಾಗಬೇಕು. ನಿಮ್ಮ ನಿಯಮ ನಿಮಗೆ ಗೊತ್ತಿದೆ ಎಂದು ನಂಬಿಯೇ ಮೇಲ್‌ನ ಕೊಂಡಿ ಒತ್ತಿದೆ. ಹಣ ಕಟ್ಟುವ ಪುಟದ ತಳದಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಹೊಸ ಅವಧಿಯು ಪಾವತಿಯ ದಿನದಿಂದ ಆರಂಭವಾಗುತ್ತದೆ ಎಂದು ಬರೆದಿದೆ. ಹಾಗಾದರೆ ಡಿಸೆಂಬರ್ 31ಕ್ಕೆ ಕಟ್ಟಿದವಳಿಗೆ ಹೊಸ ಅವಧಿ ಮುಂದಿನ ಡಿಸೆಂಬರ್ 30ಕ್ಕೆ ಮುಗಿಯುತ್ತದೆ, ಮತ್ತು ಈಗಾಗಲೇ ಹಣ ಕೊಟ್ಟಿರುವ 71 ದಿನಗಳು ಅದರೊಳಗೆ ಕರಗಿಹೋಗುತ್ತವೆ. ಅಂದರೆ 18,000 ಕೊಟ್ಟು ನಾನು ಹೊಸದಾಗಿ ಪಡೆಯುವುದು 294 ದಿನ ಮಾತ್ರ. ಮೊದಲು ದಿನಕ್ಕೆ 49 ರೂಪಾಯಿ ಬೀಳುತ್ತಿದ್ದದ್ದು ಈಗ 61 ಬೀಳುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ 22,300ಕ್ಕೂ ಮೇಲಾಯಿತು. ಮಾರ್ಚ್‌ವರೆಗೆ ಕಾದು ಕಟ್ಟುವವರಿಗಿಂತ ನಿಮ್ಮ ಮಾತು ನಂಬಿ ಅವಸರದಲ್ಲಿ ಕಟ್ಟಿದವರೇ ಸುಮಾರು 3,500 ರೂಪಾಯಿಯಷ್ಟು ದಿನಗಳನ್ನು ಕಳೆದುಕೊಳ್ಳುತ್ತಾರೆ. ಈ ಸಂಗತಿ ನಾಲ್ಕು ಮೇಲ್‌ಗಳಲ್ಲಿ ಒಂದರಲ್ಲೂ ಇಲ್ಲ.

ಅದೇ ಮೇಲ್‌ನಲ್ಲಿ ಈ ವರ್ಷ ನಿಮ್ಮ ತಂತ್ರಾಂಶದಿಂದ ನನಗಾದ ಲಾಭದ ಪಟ್ಟಿಯೂ ಇದೆ. ಜನವರಿಯಿಂದ ನವೆಂಬರ್‌ವರೆಗೆ 4,860 ಬಿಲ್, 486 ಗಂಟೆ ಉಳಿತಾಯ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೀರಿ. ನಾನು ಹನ್ನೊಂದೂ ತಿಂಗಳ ಜಿಎಸ್‌ಟಿಆರ್-1 ತೆಗೆದು, ಕೊಟ್ಟ ಬಿಲ್‌ಗಳ ಕ್ರಮಸಂಖ್ಯೆ ಮತ್ತು ರದ್ದಾದವುಗಳ ಸಂಖ್ಯೆ ತೋರಿಸುವ 13ನೇ ಕೋಷ್ಟಕವನ್ನು ಕೂಡಿಸಿದೆ. ರದ್ದಾದವನ್ನು ಕಳೆದ ಮೇಲೆ ಉಳಿದದ್ದು 3,912. ಹೆಚ್ಚುವರಿ 948ರಲ್ಲಿ 236 ರದ್ದಾದ ಬಿಲ್‌ಗಳು, ಮಿಕ್ಕ 712 ನಂಬರೇ ಬೀಳದ ಕರಡುಗಳು. ಅಷ್ಟು ಕರಡು ಎಲ್ಲಿಂದ ಬಂತು ಎಂದು ದಿನಾಂಕ ನೋಡಿದರೆ, ಬಹುಪಾಲು ಅಕ್ಟೋಬರ್‌ನ ಎರಡು ವಾರಗಳವು. ಆಗ ನಿಮ್ಮ ಸರ್ವರ್ ನಿಂತು ನಿಂತು ನಡೆಯುತ್ತಿತ್ತು, ಬಿಲ್ ಉಳಿಸಲು ಒತ್ತಿದರೆ ಪರದೆ ಸುತ್ತುತ್ತಲೇ ಇರುತ್ತಿತ್ತು, ನಮ್ಮ ಹುಡುಗ ಮತ್ತೆ ಮತ್ತೆ ಒತ್ತುತ್ತಿದ್ದ. ಗೇಟಿನಲ್ಲಿ ಬೇಳೆ ತುಂಬಿದ ಲಾರಿ ನಿಲ್ಲಿಸಿಕೊಂಡು ನಾವು ಕಳೆದ ಆ ಹೊತ್ತನ್ನೂ ಬಿಲ್ಲಿಗೆ ಆರು ನಿಮಿಷದಂತೆ ಗುಣಿಸಿ ಉಳಿತಾಯಕ್ಕೆ ಸೇರಿಸಿದ್ದೀರಿ. ಇದು ನನಗೆ ತುಂಬ ನೋವು ತಂದಿದೆ.

ಗಡುವಿನ ವಿಷಯವೂ ಹೀಗೆಯೇ. ಡಿಸೆಂಬರ್ 26ರ ಮೇಲ್‌ನಲ್ಲಿ ಓಡುವ ಗಡಿಯಾರವಿದೆ. ಅದನ್ನು ಬೆಳಿಗ್ಗೆ ಮೊಬೈಲಿನಲ್ಲಿ ತೆರೆದಾಗ 47 ಗಂಟೆ 59 ನಿಮಿಷ ತೋರಿಸಿತು. ಸಂಜೆ ಮಿಲ್ಲಿನ ಕಂಪ್ಯೂಟರಿನಲ್ಲಿ ಅದೇ ಮೇಲ್ ತೆರೆದಾಗಲೂ 47 ಗಂಟೆ 59 ನಿಮಿಷವೇ. ಎರಡರ ಫೋಟೋವನ್ನೂ ಲಗತ್ತಿಸಿದ್ದೇನೆ.

ಇನ್ನು ಡಿಸೆಂಬರ್ 22ರ ಸೋಮವಾರದ ಸಂಗತಿ. ಹೊಸ ತೊಗರಿ ಬರುವ ಕಾಲ, ತೂಕದ ಕಟ್ಟೆಯ ಮೇಲೆ ಗಾಡಿ ನಿಂತಿತ್ತು. ಹನ್ನೆರಡು ನಿಮಿಷ ಕಾದ ಮೇಲೆ ನಿಮ್ಮ ಪ್ರತಿನಿಧಿ ಸಿಕ್ಕರು. ಕೈಯಲ್ಲಿ ಪೆನ್ನು ಇದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಮುನೀಮರು, ಇಬ್ಬರು ರೈತರು, ಲಾರಿ ಡ್ರೈವರ್ ಎಲ್ಲರೂ ಅಲ್ಲೇ ಇದ್ದರು.

"ಮೇಡಂ, ನಿಮ್ಮ ಯಜಮಾನ್ರು ಇದ್ದಾರಾ? ಅವ್ರಿಗೆ ಕೊಡಿ" ಎಂದರು.

"ಮಾಲಕಿ ನಾನೇ ಇದ್ದೀನ್ರಿ, ಹೇಳ್ರಿ" ಎಂದೆ.

"ಹಾಗಲ್ಲ, ಲೆಕ್ಕ ನೋಡ್ಕೊಳ್ಳೋರು ಯಾರು?"

"ಲೆಕ್ಕಾನೂ ನಾನೇ ನೋಡ್ತೀನ್ರಿ. ಮಾರ್ಚ್ 11ರ ತನಕ ರೊಕ್ಕ ಕಟ್ಟೀನಿ. 31ಕ್ಕ ಮತ್ತ ಕಟ್ಟಿದ್ರ ಆ 71 ದಿನ ಎಲ್ಲಿ ಹೋಗ್ತಾವ, ಅದೊಂದು ಹೇಳ್ರಿ."

"ಸಿಸ್ಟಮ್‌ನಲ್ಲಿ ಅದೆಲ್ಲ ಕಾಣ್ಸಲ್ಲ ಮೇಡಂ. ನಿಮ್ಗೆ ಆರು ಸಾವಿರ ಉಳೀತಾ ಇದೆ, ಅಷ್ಟೇ. ಮನೇಲಿ ಓದಿರೋ ಮಕ್ಕಳಿದ್ರೆ ಅವ್ರಿಗೆ ಫೋನ್ ಕೊಡಿ, ನಾನು ಅರ್ಥ ಮಾಡಿಸ್ತೀನಿ."

ನಾನು 1998ರಿಂದ ಈ ಮಿಲ್ಲಿನ ಕಿರ್ದಿ, ಖತಾವಣಿ ಬರೆದವಳು. ಮುನೀಮರು ತಲೆ ತಗ್ಗಿಸಿ ಕಾಟಾ ಚೀಟಿಯನ್ನೇ ನೋಡುತ್ತ ಕುಳಿತರು. ರೈತರಲ್ಲಿ ಹಿರಿಯರೊಬ್ಬರು, "ಬಿಡ್ರೆವ್ವಾ" ಎಂದರು. ನಾನು ಪ್ರಶ್ನೆಯನ್ನು ಇನ್ನೊಮ್ಮೆ ಹೇಳುತ್ತಿರುವಾಗಲೇ ಕರೆ ಕಟ್ಟಾಯಿತು. ಒಂದು ಗಂಟೆಯೊಳಗೆ ನನ್ನ ದೂರು ಪರಿಹಾರವಾಗಿದೆ ಎಂಬ ಸಂದೇಶ ಬಂತು.

ನನ್ನ ಕೇಳಿಕೆ ಇಷ್ಟು. 7ನೇ ಕಲಮಿನಂತೆ, ಯಾವಾಗ ಕಟ್ಟಿದರೂ ನನ್ನ ಹೊಸ ಅವಧಿ 2026ರ ಮಾರ್ಚ್ 12ರಿಂದಲೇ ಶುರುವಾಗುತ್ತದೆ ಎಂದು ಲಿಖಿತವಾಗಿ ಕೊಡಿ. 22ರ ಕರೆಯ ಧ್ವನಿಮುದ್ರಣವನ್ನು ನೀವೇ ಕೇಳಿ, ಆ ಪ್ರತಿನಿಧಿಯ ಮೇಲಧಿಕಾರಿ ನನ್ನ ಮಿಲ್ಲಿಗೆ ಫೋನ್ ಮಾಡಿ ಕ್ಷಮೆ ಕೇಳಲಿ. ಆಗಲೂ ಸ್ಪೀಕರ್ ಹಾಕಿಯೇ ಇರುತ್ತೇನೆ, ಮುನೀಮರೂ ಇರುತ್ತಾರೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳ ಪಟ್ಟಿಯಿದ್ದು, ಇಲ್ಲದ ಅವಸರವನ್ನು ಹುಟ್ಟಿಸುವುದೇ ಅದರಲ್ಲಿ ಮೊದಲನೆಯದು. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ನಿಮ್ಮ ವಕೀಲರು ವಾದಿಸಬಹುದು ಎಂಬುದು ನನಗೆ ಗೊತ್ತು. ಹಾಗೆ ವಾದಿಸಿದರೆ ಒಪ್ಪಂದ ಮುರಿದ ಕಾರಣಕ್ಕೆ ಕಲಬುರಗಿಯ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತೇನೆ. ಜನವರಿ 10ರೊಳಗೆ ಉತ್ತರ ಬರಬೇಕು. ಬಾರದಿದ್ದರೆ 11ರಂದು ನನ್ನ ಪೂರ್ತಿ ಲೆಕ್ಕವನ್ನು ನಿಮ್ಮ ತಂತ್ರಾಂಶದಿಂದ ಹೊರತೆಗೆದು ಬೇರೆಡೆಗೆ ಸಾಗಿಸುತ್ತೇನೆ. ನನ್ನ ಮಾತು ಕೇಳಿ ನಿಮ್ಮ ತಂತ್ರಾಂಶ ಕೊಂಡ ನಾಲ್ಕು ಮಿಲ್ಲುಗಳಿವೆ. ಅವರ ನವೀಕರಣವೂ ಮಾರ್ಚ್‌ನಲ್ಲೇ ಇದೆ. ಈ ಪತ್ರದ ಪ್ರತಿಯನ್ನು ಅಂದೇ ನಾಲ್ವರಿಗೂ ನಾನೇ ಹೋಗಿ ಕೊಟ್ಟು ಬರುತ್ತೇನೆ.

ಇಂತಿ,
ಮಾಲಕಿ, ದಾಲ್ ಮಿಲ್, ಕಪನೂರ

ಲಗತ್ತು: ನಾಲ್ಕು ಮೇಲ್‌ಗಳ ಪ್ರತಿ, ಅಕ್ಟೋಬರ್‌ನ ಕೊಟೇಶನ್, ಪಾವತಿ ಪುಟದ ಮತ್ತು ಗಡಿಯಾರದ ಫೋಟೋಗಳು