ದಿನಾಂಕವನ್ನೇ ನೋಡದ ‘ಎಕ್ಸ್‌ಐಆರ್‌ಆರ್’: ನಿಮ್ಮ ಎಸ್‌ಐಪಿ ಟ್ರ್ಯಾಕರ್ ಬಗ್ಗೆ ದೂರು

ಇವರಿಂದ:
ಲೆಕ್ಕಪತ್ರ ಮತ್ತು ತೆರಿಗೆ ಸಲಹಾ ಕಚೇರಿ, ಮಂಡ್ಯ

ಇವರಿಗೆ:
ಗ್ರಾಹಕ ದೂರು ವಿಭಾಗ,
ಮ್ಯೂಚುವಲ್ ಫಂಡ್ ಎಸ್‌ಐಪಿ ಟ್ರ್ಯಾಕರ್ ಸೇವೆ

ವಿಷಯ: ವಾರ್ಷಿಕ ಗಳಿಕೆಯ ಲೆಕ್ಕದಲ್ಲಿ ದೋಷ, ತಿದ್ದುಪಡಿ ಹಾಗೂ ಚಂದಾ ಹಣ ವಾಪಸಾತಿ ಕುರಿತು

ಮಾನ್ಯರೇ,

ನಮ್ಮ ಕಚೇರಿಗೆ ಬರುವ ಹೂಡಿಕೆದಾರರಲ್ಲಿ ತಿಂಗಳ ಸಂಬಳದವರು ಕಡಿಮೆ. ಕಬ್ಬಿನ ಬಿಲ್ಲು ಕೈಗೆ ಬಂದಾಗ ದೊಡ್ಡ ಮೊತ್ತ ಹಾಕಿ, ಖಾತೆಯಲ್ಲಿ ದುಡ್ಡಿಲ್ಲದ ತಿಂಗಳು ಕಂತು ತಪ್ಪಿಸುವವರೇ ಹೆಚ್ಚು. ಅಂಥವರಿಗೆ ಬೇಕಿರುವುದು ಎಕ್ಸ್‌ಐಆರ್‌ಆರ್ ಒಂದೇ, ಅಂದರೆ ಪ್ರತಿ ಕಂತಿನ ದಿನಾಂಕ ನೋಡಿ ಲೆಕ್ಕ ಹಾಕುವ ವಾರ್ಷಿಕ ಗಳಿಕೆಯ ದರ. ಅದಕ್ಕೆಂದೇ ನಿಮ್ಮ ಟ್ರ್ಯಾಕರ್‌ಗೆ ವರ್ಷದ ಚಂದಾ ಕಟ್ಟಿದೆವು. ಅದರಲ್ಲಿ ‘XIRR’ ಎಂದು ಬರೆದ ಜಾಗದಲ್ಲಿ ಕಾಣುವ ಅಂಕಿ ಎಕ್ಸ್‌ಐಆರ್‌ಆರ್ ಅಲ್ಲ ಎಂಬುದೇ ಈ ದೂರು.

ಒಂದು ಫೋಲಿಯೊ ತೆಗೆದುಕೊಳ್ಳೋಣ. ಖರೀದಿ ಮೂರೇ. 29-08-2024ರಂದು 20,000, 22-01-2025ರಂದು 10,000, 17-06-2025ರಂದು 60,000 ರೂಪಾಯಿ. ಒಟ್ಟು 90,000. 29-08-2025ರ ಎನ್‌ಎವಿಯಂತೆ ಮೌಲ್ಯ 95,576. ನಿಮ್ಮ ಪರದೆಯ ಮೇಲೆ ವಾರ್ಷಿಕ ಗಳಿಕೆ ಶೇ. 6.20. ಅದೇ ಸಾಲುಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿದರೆ ಶೇ. 15 ಬರುತ್ತದೆ. ಹಾಕಿದ ಹಣಕ್ಕೆ ಮೈನಸ್, ಇವತ್ತಿನ ಮೌಲ್ಯಕ್ಕೆ ಪ್ಲಸ್, ಅಷ್ಟೇ:

```
      A            B
2  29-08-2024   -20000
3  22-01-2025   -10000
4  17-06-2025   -60000
5  29-08-2025    95576

=XIRR(B2:B5,A2:A5)
```

ಕೈಲೆಕ್ಕದಲ್ಲೂ ತಾಳೆ ನೋಡಬಹುದು. ಮೊದಲ ಕಂತು ಫಂಡಿನಲ್ಲಿದ್ದದ್ದು 365 ದಿನ, ಎರಡನೆಯದು 219, ಮೂರನೆಯದು 73 ದಿನ. ಶೇ. 15ರಂತೆ 20,000 ಬೆಳೆದು 23,000 ಆಗುತ್ತದೆ. 10,000ಕ್ಕೆ 1.15ರ 219/365ನೇ ಘಾತ ಹಾಕಿದರೆ 10,875. 60,000ಕ್ಕೆ 73/365ನೇ ಘಾತ ಹಾಕಿದರೆ 61,701. ಕೂಡಿದರೆ 95,576. ಪೈಸೆ ಬಿಟ್ಟರೆ ಸರಿಹೋಯಿತು.

ಹಾಗಾದರೆ 6.20 ಎಲ್ಲಿಂದ ಬಂತು? ಲಾಭ 5,576ನ್ನು 90,000ದಿಂದ ಭಾಗಿಸಿದರೆ ನೇರ 6.20. ಮೊದಲ ಖರೀದಿಗೆ ಸರಿಯಾಗಿ ಒಂದು ವರ್ಷ ತುಂಬಿರುವುದರಿಂದ ಅದೇ ವಾರ್ಷಿಕ ದರವಾಗಿ ಕೂತಿದೆ. ಅಂದರೆ ನಿಮ್ಮ ಲೆಕ್ಕ ಇಡೀ 90,000ವನ್ನೂ ಮೊದಲ ದಿನವೇ ಹಾಕಿದ್ದೆಂದು ಎಣಿಸಿದೆ. ಜೂನ್‌ನಲ್ಲಿ ಬಂದ 60,000ಕ್ಕೂ ಹಿಂದಿನ ಆಗಸ್ಟ್‌ನಿಂದ ಲೆಕ್ಕ! ನಮ್ಮೂರಲ್ಲಿ ಕೈಸಾಲ ಕೊಟ್ಟವರು ಕೂಡ ಕೊಟ್ಟ ದಿನದಿಂದಲೇ ಬಡ್ಡಿ ಎಣಿಸುತ್ತಾರೆ.

ಇದು ಬರಿಯ ಊಹೆಯಲ್ಲ, ಪರೀಕ್ಷೆ ಮಾಡಿಯೇ ಬರೆಯುತ್ತಿದ್ದೇವೆ. 60,000ದ ಸಾಲನ್ನು ತಿದ್ದಿ ದಿನಾಂಕವನ್ನು 17-10-2024 ಎಂದು ಹಾಕಿದೆವು. ಸ್ಪ್ರೆಡ್‌ಶೀಟಿನಲ್ಲಿ ದರ 15ರಿಂದ 7.2ರ ಆಸುಪಾಸಿಗೆ ಇಳಿಯಿತು. ಅಷ್ಟೇ ಲಾಭಕ್ಕೆ ಹಣ ನಾಲ್ಕು ಪಟ್ಟಿಗೂ ಹೆಚ್ಚು ದಿನ ಇದ್ದಂತಾಯಿತಲ್ಲ, ಇಳಿಯಲೇಬೇಕು. ನಿಮ್ಮ 6.20 ಕೂತಲ್ಲಿಂದ ಅಲುಗಲಿಲ್ಲ. ನಡುವಿನ ದಿನಾಂಕ ಬದಲಿಸಿದರೂ ಬದಲಾಗದ ಅಂಕಿ ಎಕ್ಸ್‌ಐಆರ್‌ಆರ್ ಆಗಿರಲು ಸಾಧ್ಯವೇ ಇಲ್ಲ.

ಇದನ್ನು ನಿಮ್ಮ ಸಹಾಯವಾಣಿಗೆ ತಿಳಿಸಿದಾಗ ಬಂದ ಉತ್ತರ, ‘ಎಸ್‌ಐಪಿ ಮೋಡ್ ಆನ್ ಮಾಡಿ’ ಎಂದು. ಮಾಡಿದೆವು. ಈಗ ಶೇ. 58.4! ಅಲ್ಲಿ ಆಗಿರುವುದು ಇನ್ನೊಂದು ತಪ್ಪು. ಆ ಮೋಡ್ ಪ್ರತಿ ಸಾಲಿನ ನಡುವೆ ಒಂದೊಂದೇ ತಿಂಗಳ ಅಂತರ ಎಂದುಕೊಂಡು ಸಾದಾ ಐಆರ್‌ಆರ್ ಹಾಕುತ್ತದೆ. ತಿಂಗಳಿಗೆ ಶೇ. 3.906 ಸಿಗುತ್ತದೆ, ಅದನ್ನು 12 ತಿಂಗಳಿಗೆ ಚಕ್ರಬಡ್ಡಿಯಂತೆ ಬೆಳೆಸಿದರೆ 58.4. ನಿಜದಲ್ಲಿ ಮೊದಲ ಎರಡು ಅಂತರಗಳು ತಲಾ 146 ದಿನ, ಕೊನೆಯದು 73 ದಿನ. ಪ್ರತಿ ತಿಂಗಳೂ ತಪ್ಪದೆ ಕಂತು ಕಟ್ಟುವವರಿಗೆ ಈ ಮೋಡ್ ಸುಮಾರಾಗಿ ಹೊಂದಬಹುದು. ನಿಮ್ಮ ಪರೀಕ್ಷೆಯಲ್ಲಿ ದೋಷ ಸಿಕ್ಕದಿರಲು ಅದೇ ಕಾರಣವಿರಬೇಕು ಅನಿಸುತ್ತದೆ.

ಒಂದೇ ಫೋಲಿಯೊಗೆ 6.2 ಮತ್ತು 58.4 ಕಂಡಾಗ ಎಚ್ಚರಿಸುವ ಸುಲಭ ತಾಳೆಯೊಂದಿದೆ, ಅದನ್ನು ನಿಮ್ಮ ಆ್ಯಪ್‌ಗೇ ಸೇರಿಸಿ. ಪ್ರತಿ ಕಂತನ್ನೂ ಅದು ಇದ್ದ ದಿನಗಳಿಂದ ಗುಣಿಸಿ, ಕೂಡಿ, ಒಟ್ಟು ಹೂಡಿಕೆಯಿಂದ ಭಾಗಿಸಿದರೆ ಹಣದ ಸರಾಸರಿ ವಯಸ್ಸು ಸಿಗುತ್ತದೆ. ಇಲ್ಲಿ ಅದು 154 ದಿನ. 154 ದಿನಕ್ಕೆ 6.2 ಆದರೆ 365 ದಿನಕ್ಕೆ 14.7. ಇದು ಅಂದಾಜು ಮಾತ್ರ, ಆದರೆ ಉತ್ತರ 15ರ ಸುತ್ತಲೇ ಇರಬೇಕೆಂದು ಹೇಳುವುದಕ್ಕೆ ಸಾಕು.

ಸ್ಪ್ರೆಡ್‌ಶೀಟಿಗೆ ಇಳಿಸಿಕೊಳ್ಳುವ ಸಿಎಸ್‌ವಿ ಫೈಲಿನ ತೊಂದರೆಯನ್ನೂ ಹೇಳಿಬಿಡುತ್ತೇವೆ. ಅದರಲ್ಲಿ ದಿನಾಂಕ 17-06-2025 ಎಂಬ ರೂಪದಲ್ಲಿದೆ. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಹದಿನೇಳನೇ ತಿಂಗಳು ಇಲ್ಲದ ಕಾರಣ ಅದು ಬರಿ ಅಕ್ಷರವಾಗಿ ಉಳಿದು, ಸೂತ್ರ `#VALUE!` ತೋರಿಸುತ್ತದೆ. ಅದಾದರೂ ವಾಸಿ, ತಪ್ಪು ಕಣ್ಣಿಗೆ ಬೀಳುತ್ತದೆ. 05-06-2025 ಇದ್ದರೆ ಜೂನ್ 5 ಸದ್ದಿಲ್ಲದೆ ಮೇ 6 ಆಗಿಬಿಡುತ್ತದೆ. ಉತ್ತರವೂ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. 2025-06-05 ಎಂಬ ರೂಪದಲ್ಲಿ ಕೊಟ್ಟರೆ ಈ ಗೊಂದಲ ಮುಗಿಯುತ್ತದೆ. ಹಾಗೆಯೇ ನಿಮ್ಮ ಆ್ಯಪ್ ಸ್ಟೇಟ್‌ಮೆಂಟ್ ಓದುವಾಗ ಮುದ್ರಾಂಕ ಶುಲ್ಕ ಕಳೆದ 59,997ನ್ನು ಹೂಡಿಕೆ ಎಂದು ಹಿಡಿಯುತ್ತಿದೆ. ಗ್ರಾಹಕರ ಕೈಬಿಟ್ಟದ್ದು 60,000. ಮೂರು ರೂಪಾಯಿಯಿಂದ ದರವೇನೂ ಅಲುಗದು, ಆದರೂ ಪಾಸ್‌ಬುಕ್ಕಿಗೆ ತಾಳೆಯಾಗದ ಅಂಕಿಯನ್ನು ನಾವು ಎಷ್ಟು ಜನಕ್ಕೆ ವಿವರಿಸುತ್ತ ಕೂರೋಣ?

ಎಕ್ಸ್‌ಐಆರ್‌ಆರ್ ಸರಿಮಾಡಿದ ಮೇಲೂ ಒಂದು ಎಚ್ಚರಿಕೆ ಬೇಕು. ಇದೇ ಫೋಲಿಯೊ ಮುಂದಿನ ಒಂದು ವಾರದಲ್ಲಿ ಶೇ. 3 ಇಳಿದರೆ ಮೌಲ್ಯ 92,709 ಆಗುತ್ತದೆ, ದರ 15ರಿಂದ 7ರ ಹತ್ತಿರಕ್ಕೆ ಬೀಳುತ್ತದೆ. ಫಂಡ್ ಕೆಟ್ಟಿತೆಂದಲ್ಲ, ಹಣದ ಮೂರರಲ್ಲಿ ಎರಡು ಪಾಲು ಮೂರನೆಯ ಕಂತಿನದು, ಅದಕ್ಕೆ ಮೂರು ತಿಂಗಳೂ ತುಂಬಿಲ್ಲ. ಆದ್ದರಿಂದ ಸರಾಸರಿ ವಯಸ್ಸು ಒಂದು ವರ್ಷ ದಾಟುವವರೆಗೆ ವಾರ್ಷಿಕ ದರದ ಪಕ್ಕದಲ್ಲಿ ಶೇ. 6.20 ಎಂಬ ನೇರ ಲಾಭವನ್ನೂ, ಆ 154 ದಿನವನ್ನೂ ತೋರಿಸಿ. 6.20 ತಪ್ಪು ಅಂಕಿಯಲ್ಲ, ಅದು ಕೂತ ಜಾಗ ತಪ್ಪು.

ಮೇಲಿನ ನಾಲ್ಕು ಸಾಲನ್ನು ನಿಮ್ಮ ತಾಂತ್ರಿಕ ವಿಭಾಗಕ್ಕೆ ಕೊಡಿ. ಯಾವ ಮೋಡ್‌ನಲ್ಲಿ ಹಾಕಿದರೂ 15.0 ಬರಬೇಕು, ಮೂರನೆಯ ದಿನಾಂಕ ತಿದ್ದಿದರೆ 7.2 ಆಗಬೇಕು. ಅಷ್ಟಾಗುವವರೆಗೆ ಪರದೆಯಿಂದ ‘XIRR’ ಎಂಬ ಹೆಸರು ತೆಗೆಯಿರಿ. ಈ ಅಂಕಿ ನೋಡಿ ಒಳ್ಳೆಯ ಫಂಡಿನಿಂದ ಹಣ ತೆಗೆಯಲು ಹೊರಟವರು ನಮ್ಮಲ್ಲಿಗೇ ಬಂದಿದ್ದಾರೆ, ಹಾಗಾಗಿ ಇಲ್ಲಿಯವರೆಗಿನ ಎಲ್ಲ ಚಂದಾದಾರರಿಗೂ ತಪ್ಪಿನ ಸೂಚನೆ ಕಳಿಸಬೇಕು. ನಮ್ಮ ವರ್ಷದ ಚಂದಾ ಪೂರ್ತಿ ವಾಪಸಾಗಬೇಕು.

ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ, ಬಳಿಕ ಮಂಡ್ಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಎರಡೂ ಮೋಡ್‌ಗಳ ಪರದೆಯ ಚಿತ್ರ, ಸ್ಪ್ರೆಡ್‌ಶೀಟ್ ಮತ್ತು ಚಂದಾ ರಸೀದಿಯನ್ನು ಲಗತ್ತಿಸಿದ್ದೇವೆ.

ಇಂತಿ,
ಲೆಕ್ಕಪತ್ರ ಕಚೇರಿಯ ಪರವಾಗಿ
ಮಂಡ್ಯ, 03-09-2025