ಮೂರು ಪದ ಬರೆಯೋಕೆ ಮೂರು ಭಾನುವಾರ

ಪ್ರೀತಿಯ ಗೆಳೆಯಾ,

ಮೂರು ತಲೆಮಾರಿಗೂ ಒಪ್ಪುವ ಒಂದು ಧ್ಯೇಯವಾಕ್ಯ ಮನೆಗೆ ಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆ. ನಮ್ಮಲ್ಲಿ ಅದು ಮುಗಿದಿದೆ. ಮೂರೇ ಪದ. ಆದರೆ ಮೂರು ಭಾನುವಾರ ಹಿಡಿಯಿತು, ಮೊದಲನೆಯದು ಪೂರ್ತಿ ವ್ಯರ್ಥವಾಯಿತು. ನಿನಗೆ ಹಾಗಾಗದಿರಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲ ಭಾನುವಾರ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, "ನಿಮಗೆ ಮುಖ್ಯ ಅನ್ನಿಸುವ ಒಂದು ಗುಣ ಬರೆಯಿರಿ" ಅಂದೆ. ಅಪ್ಪ "ಶಿಸ್ತು" ಅಂತ ಬರೆದರು. ಅಮ್ಮ "ಒಗ್ಗಟ್ಟು". ಹೆಂಡತಿ "ಪ್ರಾಮಾಣಿಕತೆ". ಹದಿನೈದರ ಮಗಳು "ಸ್ವಾತಂತ್ರ್ಯ". ಎಂಟರ ಮಗ "ಜಗಳ ಬೇಡ". ಯಾರಿಗೂ ಬೇಜಾರಾಗಬಾರದು ಅಂತ ಎಲ್ಲವನ್ನೂ ಸೇರಿಸಿ ಒಂದು ಉದ್ದನೆಯ ವಾಕ್ಯ ಕಟ್ಟಿದೆ. ಎಲ್ಲರೂ ತಲೆಯಾಡಿಸಿದರು. ನಾಲ್ಕು ದಿನ ಬಿಟ್ಟು ಕೇಳಿದರೆ ಒಬ್ಬರಿಗೂ ಅದು ನೆನಪಿರಲಿಲ್ಲ. ಗುಣದ ಹೆಸರು ಕೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ಹೇಗಿರಬೇಕು ಅನ್ನುವುದನ್ನೇ ಬರೆಯುತ್ತಾರೆ. ಅಪ್ಪನ "ಶಿಸ್ತು" ಮೊಮ್ಮಕ್ಕಳಿಗಾಗಿ ಇತ್ತು, ಮಗಳ "ಸ್ವಾತಂತ್ರ್ಯ" ನಮಗಾಗಿ.

ಎರಡನೇ ಸಲ ಗುಣ ಕೇಳಲಿಲ್ಲ, ಘಟನೆ ಕೇಳಿದೆ. "ಈ ಮನೆಯಲ್ಲಿ ನಿಮಗೆ ತುಂಬಾ ಹಿತ ಅನ್ನಿಸಿದ್ದೋ, ತುಂಬಾ ನೋವಾಗಿದ್ದೋ ಒಂದು ಘಟನೆ ಹೇಳಿ." ಚಿಕ್ಕವನಿಂದ ಶುರು ಮಾಡಿ ಅಪ್ಪನಲ್ಲಿಗೆ ಮುಗಿಸಿದೆವು. ಈ ಕ್ರಮ ಬಿಡಬೇಡ. ಅಜ್ಜ ಮೊದಲು ಮಾತಾಡಿದರೆ ಮಕ್ಕಳು ಅದನ್ನೇ ತಿರುಗಿಸಿ ಹೇಳುತ್ತಾರೆ.

ಮಗ, ಅಜ್ಜನ ಕನ್ನಡಕ ಮುರಿದು ತಾನೇ ಹೋಗಿ ಹೇಳಿದ್ದನ್ನು ನೆನೆಸಿಕೊಂಡ. ಅಜ್ಜ ಬೈಯದೆ "ಹೇಳಿದೆಯಲ್ಲ, ಸಾಕು" ಅಂದಿದ್ದರಂತೆ. ಮಗಳು, ಗಣಿತದಲ್ಲಿ ಕಡಿಮೆ ಅಂಕ ಬಂದಿದ್ದನ್ನು ಎರಡು ವಾರ ಮುಚ್ಚಿಟ್ಟಿದ್ದು ಹೇಳಿದಳು. ಹೆಂಡತಿ, ಕೆಲಸ ಬಿಡುವ ಯೋಚನೆಯನ್ನು ತಿಂಗಳುಗಟ್ಟಲೆ ಒಬ್ಬಳೇ ಹೊತ್ತು ತಿರುಗಿದ್ದು. ಅಮ್ಮನ ಮಾತು ನನಗೆ ಚುಚ್ಚಿತು. ಅವರ ಆರೋಗ್ಯದ ವರದಿ ಬಂದಾಗ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರಿಗೊಬ್ಬರಿಗೇ ಹೇಳಿರಲಿಲ್ಲ. ಹೆದರುತ್ತಾರೆ ಅಂತ ಹಾಗೆ ಮಾಡಿದ್ದು ನಾನೇ. ಕೊನೆಗೆ ಅಪ್ಪ, ವರ್ಷಗಳ ಹಿಂದೆ ಹಣ ಕಳೆದುಕೊಂಡು ಅಮ್ಮನಿಗೆ ತಿಳಿಸದೆ ನಿದ್ದೆಗೆಟ್ಟಿದ್ದನ್ನು ಮೊದಲ ಸಲ ನಮ್ಮೆದುರು ಹೇಳಿದರು.

ಐದೂ ಘಟನೆಗಳಲ್ಲಿ ಒಂದೇ ವಿಷಯವಿತ್ತು, ಹೇಳುವುದು ಅಥವಾ ಮುಚ್ಚಿಡುವುದು. ಅದನ್ನು ಮೊದಲು ಗುರುತಿಸಿದ್ದು ಮಗಳು. ಚೀಟಿಗಳಲ್ಲಿ ಇದರ ಸುಳಿವೇ ಇರಲಿಲ್ಲ ನೋಡು.

ಇನ್ನು ಪದಗಳು. ನಿಜವಾದ ಕೆಲಸ ಇಲ್ಲಿಯದು. "ಸತ್ಯ ಹೇಳು" ಅಂತ ಅಪ್ಪ ಸೂಚಿಸಿದರು. "ಇದನ್ನ ನಾನು ಅಜ್ಜನಿಗೆ ಹೇಳಬಹುದಾ?" ಅಂತ ಮಗ ಕೇಳಿದ. ಹೇಳುವ ಹಾಗಿಲ್ಲ, ಏಕವಚನ. "ಸತ್ಯ ಹೇಳಿ" ಅಂದರೆ ಗೋಡೆಯ ಮೇಲಿನ ಸೂಚನೆಯಂತೆ, ಹೇಳುವವನನ್ನು ಬಿಟ್ಟು ಉಳಿದವರಿಗೆಲ್ಲ ಅನ್ವಯ. "ಹೇಳಬೇಕು" ಅಂದರೆ ಯಾರು, ಯಾರಿಗೆ ಅನ್ನುವುದೇ ಇಲ್ಲ. ಕನ್ನಡದಲ್ಲಿ ಇದಕ್ಕೆ ಒಂದು ಒಳ್ಳೆಯ ದಾರಿ ಇದೆ, "ಓಣ". ಹೇಳೋಣ, ಮಾಡೋಣ, ಹೋಗೋಣ. ಇದರಲ್ಲಿ ಆಡುವವನೂ ಸೇರುತ್ತಾನೆ, ಕೇಳುವವನೂ ಸೇರುತ್ತಾನೆ. ಮೊಮ್ಮಗ ಅಜ್ಜನಿಗೆ ಹೇಳಿದರೂ ಮರ್ಯಾದೆ ತಪ್ಪುವುದಿಲ್ಲ. "ಹಿರಿಯರನ್ನು ಗೌರವಿಸು" ಅನ್ನುವಂಥ ಸಾಲುಗಳು ಮಕ್ಕಳಿಗೆ ಯಾಕೆ ಒಗ್ಗುವುದಿಲ್ಲ ಅಂತ ನನಗೆ ಆಗ ಅರ್ಥವಾಯಿತು. ಅದರಲ್ಲಿ ಹಿರಿಯರಿಗೆ ಮಾಡುವ ಕೆಲಸವೇ ಇರುವುದಿಲ್ಲ.

"ಎಲ್ಲವನ್ನೂ ಹೇಳೋಣ" ಅಂತ ಬರೆದೆ. ಮಗಳು ಒಪ್ಪಲಿಲ್ಲ. "ನನ್ನ ಡೈರಿಯಲ್ಲಿರೋದನ್ನೂ ಹೇಳಬೇಕಾ?" ಅಂದಳು. ನ್ಯಾಯವಾದ ಪ್ರಶ್ನೆ. "ಎಲ್ಲವನ್ನೂ" ಹೋಯಿತು. ಆಮೇಲೆ ಅವಳೇ, "ಅಂಕದ ವಿಷಯ ಮುಚ್ಚಿಟ್ಟಿದ್ದು ಯಾಕೆ ಗೊತ್ತಾ? ಬಾಯಿ ತೆಗೆಯೋ ಮುಂಚೆಯೇ ಬೈಗುಳ ಶುರುವಾಗುತ್ತೆ" ಅಂದಳು. ಹಾಗಾಗಿ "ಹೇಳೋಣ, ಕೇಳೋಣ" ಅಂತಾಯಿತು. ಎಲ್ಲರೂ ತಕ್ಷಣ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದೇ ನನಗೆ ಅನುಮಾನ ತಂದಿತು. "ಕೇಳೋಣ ಅಂದ್ರೆ ಏನು?" ಅಂತ ಒಬ್ಬೊಬ್ಬರನ್ನೇ ಕೇಳಿದೆ. ಅಪ್ಪನಿಗೆ ಅದು ಹಿರಿಯರ ಮಾತು ಕೇಳುವುದು, ಅಂದರೆ ಹೇಳಿದಂತೆ ನಡೆಯುವುದು. ಮಗಳಿಗೆ ಪ್ರಶ್ನೆ ಕೇಳುವುದು. ಅಮ್ಮನಿಗೆ ಕಿವಿಗೊಡುವುದು. ಒಂದೇ ಪದಕ್ಕೆ ಮೂರು ಅರ್ಥ, ಮೂರು ಒಪ್ಪಿಗೆ. ಹಾಗೇ ಬಿಟ್ಟಿದ್ದರೆ ಮೊದಲ ಜಗಳದಲ್ಲೇ ಒಡೆಯುತ್ತಿತ್ತು. ಅಮ್ಮ ಒಂದು ಪದ ಸೇರಿಸಿದರು: "ಹೇಳೋಣ, ಪೂರ್ತಿ ಕೇಳೋಣ." ಪೂರ್ತಿ ಅಂದ ತಕ್ಷಣ ಅರ್ಥ ಒಂದೇ ಆಯಿತು, ಎದುರಿನವರ ಮಾತು ಮುಗಿಯುವವರೆಗೆ ತಡೆಯುವುದು. ತನ್ನ ಅರ್ಥ ಕೈಬಿಡೋಕೆ ಅಪ್ಪನಿಗೆ ಒಂದು ವಾರ ಬೇಕಾಯಿತು. ನಾವು ಅವಸರ ಮಾಡಲಿಲ್ಲ.

ಕೈ ಎತ್ತಿಸಿ ಎಣಿಸಬೇಡ. ಬಹುಮತ ಅಂದರೆ ನಮ್ಮಲ್ಲಿ ಇಬ್ಬರು ಮಕ್ಕಳು ಯಾವಾಗಲೂ ಸೋಲುತ್ತಾರೆ. ನಾವು ಇಟ್ಟುಕೊಂಡ ನಿಯಮ ಇಷ್ಟು: ಯಾರು ಬೇಕಾದರೂ "ಬೇಡ" ಅನ್ನಬಹುದು, ಆದರೆ ಅದರ ಬದಲಿಗೆ ಒಂದು ಪದ ಕೊಡಬೇಕು, ಅಥವಾ ಯಾಕೆ ಬೇಡ ಅಂತ ಒಂದು ಘಟನೆ ಹೇಳಬೇಕು.

ಮೂರನೇ ಭಾನುವಾರ ವಾಕ್ಯವನ್ನು ಪರೀಕ್ಷೆಗೆ ಇಟ್ಟೆವು. ಹಿಂದಿನ ತಿಂಗಳು ಮಗಳು ಗೆಳತಿಯರ ಜೊತೆ ಪ್ರವಾಸ ಹೋಗುತ್ತೇನೆ ಅಂದಾಗ ದೊಡ್ಡ ರಂಪವಾಗಿತ್ತು. ಆಗ ಈ ವಾಕ್ಯ ಇದ್ದಿದ್ದರೆ ಏನಾಗುತ್ತಿತ್ತು ಅಂತ ಮತ್ತೆ ಆಡಿ ನೋಡಿದೆವು. ಅವಳು ಪೂರ್ತಿ ಹೇಳಿದಳು. ಜೊತೆಗೆ ಒಬ್ಬ ಶಿಕ್ಷಕಿಯೂ ಬರುತ್ತಿದ್ದರು ಅನ್ನುವುದು ಅವತ್ತು ಯಾರ ಕಿವಿಗೂ ಬಿದ್ದಿರಲಿಲ್ಲ. ಕೊನೆಗೂ ಅಪ್ಪ ಬೇಡ ಅಂದರು, ನಾನೂ ಬೇಡ ಅಂದೆ. ಅವಳಿಗೆ ಕೋಪ ಬಂತು. ಆದರೆ ಅತ್ತುಕೊಂಡು ಬಾಗಿಲು ಹಾಕಿಕೊಳ್ಳಲಿಲ್ಲ. ಈ ವಾಕ್ಯದ ಮಿತಿಯೂ ಅದೇ. ಯಾರ ಮಾತು ನಡೆಯಬೇಕು ಅಂತ ಅದು ತೀರ್ಮಾನಿಸುವುದಿಲ್ಲ.

ಇನ್ನೊಂದು ಪರೀಕ್ಷೆ ಮಗಳದ್ದು. ಇದನ್ನು ಕೋಲಿನಂತೆ ಬಳಸಬಹುದಾ? ಬಳಸಬಹುದು. "ಧ್ಯೇಯವಾಕ್ಯ ಇದೆ, ಈಗಲೇ ಹೇಳು" ಅಂತ ಅವಳನ್ನು ಒತ್ತಾಯಿಸಬಹುದು. ಹಾಗಾಗಿ ಈ ಮಾತು ಎತ್ತುವವರು ಮೊದಲು ತಮ್ಮದನ್ನು ಹೇಳಬೇಕು ಅಂತ ಬಾಯಿಮಾತಿನಲ್ಲಿ ಒಪ್ಪಿಕೊಂಡೆವು. ವಾಕ್ಯಕ್ಕೆ ಸೇರಿಸಲಿಲ್ಲ, ಸೇರಿಸಿದ್ದರೆ ಉದ್ದವಾಗುತ್ತಿತ್ತು.

"ಒಂದು ಸಲ ಬರೆದ ಮೇಲೆ ಬದಲಿಸಬಾರದು" ಅನ್ನುವುದು ಅಪ್ಪನ ಹಟ. ಒಲಿಂಪಿಕ್ಸ್ ಉದಾಹರಣೆ ಕೊಟ್ಟೆ. "ಇನ್ನಷ್ಟು ವೇಗ, ಇನ್ನಷ್ಟು ಎತ್ತರ, ಇನ್ನಷ್ಟು ಬಲ" ಅನ್ನುವ ಅದರ ಧ್ಯೇಯವಾಕ್ಯ 1894ರಿಂದ ಇತ್ತು. 2021ರಲ್ಲಿ ಅದಕ್ಕೆ "ಒಟ್ಟಾಗಿ" ಅನ್ನುವ ಪದ ಸೇರಿಸಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಈಗ ಪೆನ್ಸಿಲಿನಲ್ಲಿ ಬರೆಯೋಣ" ಅಂದರು. ಒಂದು ತಿಂಗಳು ಹಾಗೇ ಇರುತ್ತೆ. ಒತ್ತಾಯವಿಲ್ಲದೆ ಯಾರಾದರೂ ತಾವಾಗೇ ಅದನ್ನು ಆಡಿದರೆ ಶಾಯಿಯಲ್ಲಿ ಬರೆಯುತ್ತೇವೆ. ಇಲ್ಲವಾದರೆ ಮತ್ತೆ ಕೂರುತ್ತೇವೆ. ಇವತ್ತಿಗೆ ಹನ್ನೊಂದು ದಿನ. ಎರಡು ಸಲ ಆಡಿದ್ದಾರೆ, ಎರಡು ಸಲವೂ ಅಮ್ಮ.

ನಮ್ಮ ವಾಕ್ಯವನ್ನೇ ತೆಗೆದುಕೊಂಡು ಹೋಗಬೇಡ. ನಿಮ್ಮನೆಯ ಘಟನೆಗಳು ಬೇರೆ ಇರುತ್ತವೆ, ಅಲ್ವಾ? ನಿನ್ನ ಮಗಳಿಂದ ಶುರು ಮಾಡು. ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಬರೆದುಕೋ. ಬರೆದದ್ದನ್ನು ನನಗೂ ಕಳಿಸು.

ನಿನ್ನ ಗೆಳೆಯ