ಜಾಕೆಟ್ ಹಾಕಿಕೊಡಿ ಎಂದರೆ ಮನುಷ್ಯರ ಬೆನ್ನನ್ನೇ ನೆಟ್ಟಗೆ ಮಾಡಿದ್ದೀರಿ

ಇವರಿಗೆ,
ವ್ಯವಸ್ಥಾಪಕರು, ಫೋಟೋ ತಿದ್ದುವ ವಿಭಾಗ

ವಿಷಯ: ಚಾರಣದ ಪೋಸ್ಟರ್ ಫೋಟೋ ಹಾಳು ಮಾಡಿರುವ ಬಗ್ಗೆ

ಮಾನ್ಯರೇ,

ಮೂರು ಸಲ ಫೋನ್ ಮಾಡಿದೆ, ಎರಡು ಮೇಲ್ ಕಳಿಸಿದೆ. ಮೊನ್ನೆ ನಿಮ್ಮವರ ಜೊತೆ ಆದ ಮಾತಿನ ನಂತರ ಇನ್ನು ಫೋನ್ ಮಾಡುವ ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ಕೆಲಸ ಏನಿತ್ತು ಎಂಬುದು ನಿಮ್ಮ ಆರ್ಡರ್ ಫಾರಂನಲ್ಲೇ ಇದೆ. ಫೋಟೋದಲ್ಲಿರುವವರು ನಮ್ಮ ದೊಡ್ಡಪ್ಪ. ದಾರಿ ನೋಡಿಕೊಂಡು ಬರಲು ಹೋದ ದಿನ ತೆಗೆದ ಚಿತ್ರ ಅದು. ಹಾಗಾಗಿ ಮೈಮೇಲೆ ಸಾದಾ ಅಂಗಿ, ತಲೆ ಬರಿದು, ಬೆನ್ನಿಗೆ ಬ್ಯಾಗ್ ಇಲ್ಲ. ಪೋಸ್ಟರ್ ನೋಡಿದವರು ಅವರ ಹಾಗೆ ಬರಿಗೈಲಿ ಬಂದುಬಿಡಬಾರದು, ಅಲ್ವಾ? ಅದಕ್ಕೇ ದೊಡ್ಡಪ್ಪನ ಒಪ್ಪಿಗೆ ಕೇಳಿ, ಒಂದು ಚಾರಣದ ಜಾಕೆಟ್, ಟೋಪಿ, ಬ್ಯಾಗಿನ ಪಟ್ಟಿಗಳನ್ನು ಸೇರಿಸಿಕೊಡಿ ಎಂದೆ. ಭಂಗಿ, ಮುಖ, ಹಿಂದಿನ ಮರ, ಕಲ್ಲು, ದಾರಿ ಯಾವುದನ್ನೂ ಮುಟ್ಟಬೇಡಿ ಎಂದೂ ಬರೆದೆ. ನೆಲದ ಮೇಲೆ ಬಿದ್ದ ಅವರ ನೆರಳಿಗೆ ಮಾತ್ರ ವಿನಾಯಿತಿ ಕೊಟ್ಟೆ. ಬೆನ್ನಿಗೆ ಬ್ಯಾಗ್ ಬಂದರೆ ನೆರಳಿಗೂ ಅದರ ಉಬ್ಬು ಬರಲೇಬೇಕು.

ಭಂಗಿ ಮತ್ತು ಹಿನ್ನೆಲೆ ಮುಟ್ಟುವುದಿಲ್ಲ ಎಂಬುದು ನಿಮ್ಮದೇ ನಿಯಮ. ನಾನು ನೆನಪಿಸಬೇಕಾಗಿಲ್ಲ.

ಈಗ ನೀವು ಕೊಟ್ಟದ್ದನ್ನು ನೋಡಿ. ದೊಡ್ಡಪ್ಪ ಏರು ಹತ್ತುವಾಗ ಎಡಗೈಯನ್ನು ತೊಡೆಯ ಮೇಲೆ ಊರಿ, ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿ ಹೆಜ್ಜೆ ಇಡುತ್ತಾರೆ. ಮೂಲ ಫೋಟೋದಲ್ಲಿ ಹಾಗೇ ಇದ್ದಾರೆ. ನೀವು ತಂದು ಅಂಟಿಸಿದ ಜಾಕೆಟ್ ಕೈ ಕೆಳಗೆ ಬಿಟ್ಟು ನೆಟ್ಟಗೆ ನಿಂತವರು ಹಾಕಿಕೊಂಡದ್ದು. ಬಾಗಿದ ಮೈಗೆ ಅದು ಕೂರಲಿಲ್ಲ. ಆಗ ಏನು ಮಾಡಬೇಕಿತ್ತು? ಇದೇ ಭಂಗಿಯ ಇನ್ನೊಂದು ಜಾಕೆಟ್ ಚಿತ್ರ ಹುಡುಕಬೇಕಿತ್ತು. ಇಲ್ಲ, ಜಾಕೆಟ್ಟಿನ ಲೇಯರನ್ನು ಮಾತ್ರ ಬಗ್ಗಿಸಿ, ಮೊಣಕೈ ಮಡಿಚಿದ ಒಳಭಾಗದಲ್ಲಿ ಬಟ್ಟೆ ಒತ್ತೊತ್ತಾಗಿ ಮಡಚಿಕೊಂಡಂತೆ ಚಿತ್ರಿಸಬೇಕಿತ್ತು. ನಿಮ್ಮವರು ಜಾಕೆಟ್ ಬಿಟ್ಟು ದೊಡ್ಡಪ್ಪನನ್ನೇ ಎಳೆದು ನೆಟ್ಟಗೆ ಮಾಡಿದ್ದಾರೆ. ಚಪ್ಪಲಿ ಹಿಡಿಸಲಿಲ್ಲ ಅಂತ ಕಾಲು ಕತ್ತರಿಸಿದ ಹಾಗಾಯಿತು.

ಇದು ನನ್ನ ಊಹೆ ಅಲ್ಲ. ಮೂಲ ಫೋಟೋದ ಮೇಲೆ ನಿಮ್ಮ ಫೋಟೋ ಇಟ್ಟು, ಮೇಲಿನ ಲೇಯರನ್ನು Difference ಮಾಡಿ ನೋಡಿದೆ. ಎರಡೂ ಒಂದೇ ಇರುವ ಜಾಗ ಪೂರ್ತಿ ಕಪ್ಪಾಗಿ ಕಾಣುತ್ತದೆ, ಬದಲಾದ ಜಾಗ ಬೆಳಗುತ್ತದೆ. ಜಾಕೆಟ್, ಟೋಪಿ, ಪಟ್ಟಿ, ನೆರಳು ಇಷ್ಟೇ ಬೆಳಗಬೇಕಿತ್ತು. ಆದರೆ ಭುಜದ ಹಿಂದಿನ ಮರದ ಕಾಂಡದ ಎರಡೂ ಅಂಚಿಗೆ ಬಿಳಿ ಗೆರೆ. ಸೊಂಟದ ಪಕ್ಕದ ಕಲ್ಲು ಮೆಟ್ಟಿಲಿಗೂ ಗೆರೆ. ಫೈಲ್ ಉಳಿಸುವಾಗ ಆಗುವ ಸಣ್ಣ ವ್ಯತ್ಯಾಸವಾಗಿದ್ದರೆ ಚಿತ್ರದ ತುಂಬ ಮಸುಕು ಚುಕ್ಕೆ ಇರುತ್ತಿತ್ತು. ಅಂಚಿನುದ್ದಕ್ಕೂ ಗೆರೆ ಬಂದಿದೆ ಎಂದರೆ ಆ ವಸ್ತುವೇ ಜಾಗ ಬಿಟ್ಟು ಸರಿದಿದೆ ಎಂದರ್ಥ. ಮನುಷ್ಯನನ್ನು ಬೇರೆ ಲೇಯರ್ ಮಾಡಿಕೊಳ್ಳದೆ Liquify ಹಾಕಿ ಎಳೆದರೆ ಹಿಂದಿದ್ದದ್ದೂ ಜೊತೆಗೆ ಹಿಗ್ಗುತ್ತದೆ. ಹಾಗೇ ಆಗಿದೆ. ಮರ ಬಿಲ್ಲಿನ ಹಾಗೆ ಬಾಗಿದೆ.

ಪಟ್ಟಿಗಳದ್ದು ಇನ್ನೊಂದು ಕಥೆ. ಬ್ಯಾಗಿನ ಪಟ್ಟಿ ಭುಜದ ಮೇಲಿಂದ ಇಳಿದು, ಎದೆಯ ಪಕ್ಕದಲ್ಲಿ ಸಾಗಿ, ಕಂಕುಳ ಕೆಳಗಿಂದ ಹಿಂದಕ್ಕೆ ಹೋಗಿ ಬ್ಯಾಗಿನ ಬುಡಕ್ಕೆ ಸೇರುತ್ತದೆ. ನೀವು ಕೊಟ್ಟ ಫೋಟೋದಲ್ಲಿ ಬಲಗಡೆಯದು ಎದೆಯ ಜೇಬಿನ ಹತ್ತಿರ ಸುಮ್ನೆ ನಿಂತುಬಿಟ್ಟಿದೆ. ಎಡಗಡೆಯದು ತೋಳಿನ ಮೇಲೆ ಹೊರಗಿಂದ ಹಾದಿದೆ. ಹಾಗೆ ಹಾಕಿಕೊಂಡು ಕೈ ಎತ್ತಿ ನೋಡಿ, ಎತ್ತಲು ಆಗುವುದಿಲ್ಲ. ಭಾರ ಇರುವ ಪಟ್ಟಿ ಜಾಕೆಟ್ಟನ್ನು ಅದುಮುತ್ತದೆ, ಅದರ ಎರಡೂ ಬದಿಗೆ ಬಟ್ಟೆ ಉಬ್ಬುತ್ತದೆ, ಅಂಚಿನಡಿ ಸಣ್ಣ ಕಪ್ಪು ನೆರಳು ಬೀಳುತ್ತದೆ. ಇಲ್ಲಿ ಅದು ಯಾವುದೂ ಇಲ್ಲ. ಕಾಗದ ಕತ್ತರಿಸಿ ಅಂಟಿಸಿದ ಹಾಗಿದೆ. ಟೋಪಿಯೂ ಅಷ್ಟೇ. ಅಂಚು ಹಣೆಯ ಮೇಲೆ ಚಾಚಿದೆ, ಬಿಸಿಲು ಮೇಲಿಂದ ಬರುತ್ತಿದೆ, ಆದರೂ ಹಣೆ ಮೊದಲಿನಷ್ಟೇ ಹೊಳೆಯುತ್ತಿದೆ. ಮುಟ್ಟಿ ಎಂದು ನಾನೇ ಹೇಳಿದ್ದ ನೆಲದ ನೆರಳನ್ನು ಮಾತ್ರ ಮುಟ್ಟಿಲ್ಲ. ಅಲ್ಲಿ ಈಗಲೂ ಬರಿದಲೆ, ಬರಿಬೆನ್ನು.

ಮೊನ್ನೆಯ ಫೋನ್ ವಿಷಯಕ್ಕೆ ಬರುತ್ತೇನೆ. ಮೊದಲು ಒಬ್ಬರು ಎತ್ತಿ, "ಒಂದು ನಿಮಿಷ ಮೇಡಂ" ಅಂದರು. ಹನ್ನೆರಡು ನಿಮಿಷ ಕಾದೆ. ಆಮೇಲೆ ಇನ್ನೊಬ್ಬರು ಬಂದು ಆರ್ಡರ್ ನಂಬರ್ ಕೇಳಿದರು. ಹೇಳಿದೆ. ಮತ್ತೆ ಕೇಳಿದರು, ಮತ್ತೆ ಹೇಳಿದೆ. "ಏನು ಪ್ರಾಬ್ಲಂ?" ಅಂದರು. ಬೆನ್ನು ಬದಲಾಗಿದೆ ಎಂದೆ.

"ಅದು ಗೂನು ಥರ ಇತ್ತು ಮೇಡಂ. ನಾವೇ ಸರಿ ಮಾಡಿದ್ವಿ. ಅದಕ್ಕೆ ಎಕ್ಸ್‌ಟ್ರಾ ದುಡ್ಡೂ ತಗೊಂಡಿಲ್ಲ."

ಅವರು ನಡೆಯುವುದೇ ಹಾಗೆ ಎಂದೆ. "ಪೋಸ್ಟರಲ್ಲಿ ಚೆನ್ನಾಗಿ ಕಾಣ್ಬೇಕು ಅಲ್ವಾ ಮೇಡಂ?" ಅಂದರು. ಮರ ಬಾಗಿದೆ ಎಂದೆ. "ಮರ ಯಾರು ನೋಡ್ತಾರೆ?" ಅಂದರು. Difference ಹಾಕಿ ನೋಡಿದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೆಲ್ಲಾ ಬರುತ್ತೆ ಅಂದ್ರೆ ನೀವೇ ಮಾಡ್ಕೋಬಹುದಿತ್ತಲ್ಲ?" ಅಂದರು. ಫೋನ್ ಸ್ಪೀಕರ್‌ನಲ್ಲಿತ್ತು ಅನ್ನುವುದು ಆಗ ಗೊತ್ತಾಯಿತು. ಹಿಂದೆ ಇಬ್ಬರೋ ಮೂವರೋ ಜೋರಾಗಿ ನಕ್ಕರು. ನನ್ನ ಪಕ್ಕದಲ್ಲೇ ದೊಡ್ಡಪ್ಪ ಕೂತಿದ್ದರು. ಗೂನು ಅಂದದ್ದು ಅವರ ಕಿವಿಗೂ ಬಿತ್ತು. ಅವರು ಏನೂ ಅನ್ನಲಿಲ್ಲ. "ಬಿಡಮ್ಮ, ಬೇರೆ ಯಾರದಾದ್ರೂ ಫೋಟೋ ಹಾಕು" ಅಂತ ಎದ್ದು ಹೋದರು.

ಅದನ್ನು ನಾನು ಬಿಡುವುದಿಲ್ಲ. ಏರು ದಾರಿಯಲ್ಲಿ ಬೆನ್ನಿಗೆ ಭಾರ ಹೊತ್ತವರು ಮುಂದಕ್ಕೆ ಬಾಗಿಯೇ ಹತ್ತುತ್ತಾರೆ. ನೆಟ್ಟಗೆ ನಿಂತರೆ ಭಾರ ಹಿಂದಕ್ಕೆ ಎಳೆಯುತ್ತದೆ. ಅವರ ಭಂಗಿ ಸರಿಯಾಗಿಯೇ ಇತ್ತು. ಬ್ಯಾಗ್ ಒಂದೇ ಇರಲಿಲ್ಲ. ಅದನ್ನು ಸೇರಿಸುವುದಷ್ಟೇ ನಿಮ್ಮ ಕೆಲಸವಾಗಿತ್ತು.

ಉಚಿತವಾಗಿ ಎರಡು ಸಲ ತಿದ್ದಿಕೊಡುತ್ತೇವೆ ಎಂಬ ನಿಮ್ಮ ಮಾತು ನನಗೆ ಈಗ ಬೇಡ. ಅದೇ ಕೈಗೆ ದೊಡ್ಡಪ್ಪನ ಫೋಟೋ ಮತ್ತೆ ಕೊಡಲಾರೆ. ಕಟ್ಟಿದ ಪೂರ್ತಿ ಹಣ ಏಳು ದಿನದೊಳಗೆ ವಾಪಸ್ ಬರಬೇಕು. ನಿಮ್ಮ ಮಾದರಿ ಕೆಲಸಗಳ ಪುಟದಲ್ಲಿ ಹಾಕಿರುವ ಆ ಫೋಟೋ ಇವತ್ತೇ ಹೋಗಬೇಕು. ಅದಕ್ಕೆ ನಾವು ಒಪ್ಪಿಗೆ ಕೊಟ್ಟಿಲ್ಲ. ಫೋನಿನಲ್ಲಿ ಮಾತಾಡಿದವರು ದೊಡ್ಡಪ್ಪನ ಹೆಸರಿಗೆ ಕ್ಷಮಾಪಣೆ ಬರೆದು ಕಳಿಸಬೇಕು.

ಎಂಟನೇ ದಿನ ಗ್ರಾಹಕರ ದೂರು ದಾಖಲಾಗುತ್ತದೆ. ಅದೇ ದಿನ ಮೂಲ ಫೋಟೋ, ನಿಮ್ಮ ಫೋಟೋ, ಬಿಳಿ ಗೆರೆಗಳ ಆ ಕಪ್ಪು ಚಿತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ನನಗೆ ಗೊತ್ತಿರುವ ಪ್ರತಿಯೊಂದು ಚಾರಣ ತಂಡಕ್ಕೂ ಕಳಿಸುತ್ತೇನೆ. ಮೂಲವನ್ನು ತೋರಿಸಲು ದೊಡ್ಡಪ್ಪನನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಪೋಸ್ಟರಿಗೂ ಅವರದೇ ಫೋಟೋ. ಜಾಕೆಟ್, ಟೋಪಿ, ಬ್ಯಾಗ್ ನಿಜವಾಗಿಯೇ ಹಾಕಿಸಿ, ಅದೇ ಏರಿನಲ್ಲಿ, ಅದೇ ಹೊತ್ತಿನ ಬಿಸಿಲಿನಲ್ಲಿ ಭಾನುವಾರ ಹೊಸದಾಗಿ ತೆಗೆಯುತ್ತಿದ್ದೇವೆ.

ಇಂತಿ,
ಚಾರಣ ತಂಡದ ಸಂಚಾಲಕಿ